ರೋಗ ಬಂತೆಂದು ‘ಅವರು’ ‘ಅದು’ ಆಗಬೇಕೆ?

ಈಚೆಗೆ ನಮ್ಮ ವಿಜಯಪುರ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ಅರಿವಿನ ಸಪ್ತಾಹ ನಡೆಯಿತು. ವಾರವಿಡೀ ನಿದ್ರೆ, ಕುಡಿತ, ಖಿನ್ನತೆ, ಮಕ್ಕಳ ಮನಸ್ಸು ಎಂದು ದಿನಕ್ಕೊಂದು ವಿಷಯದ ಮೇಲೆ ಉಪನ್ಯಾಸಗಳಾದವು. ಕೊನೆಯ ದಿನದ ಸಮಾರೋಪ ಭಾಷಣ ನನ್ನ ಪಾಲಿಗೆ ಬಂತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಿಂದ ಆಶಾ ಕಾರ್ಯಕರ್ತೆಯರು, ದಾದಿಯರು, ರೋಗಿಗಳ ಮನೆಯವರು ಬಂದಿದ್ದರು. ಕೆಲವು ರೋಗಿಗಳೂ ಇದ್ದರು. ಹೊಸ ಔಷಧಿಗಳ ಬಗ್ಗೆ ಮಾತನಾಡುತ್ತೇನೆಂದು ಹಲವರು ನಿರೀಕ್ಷಿಸಿದ್ದರು. ನಾನು ಮಾತನಾಡಿದ್ದು ನಾಲಿಗೆಯ ಬಗ್ಗೆ. ಮನೋರೋಗಿಯ ಜೊತೆ ಮತ್ತು ಅವರ ಬಗ್ಗೆ ನಾವು ಆಡುವ ಮಾತು ರೋಗವನ್ನು ಹೇಗೆ ಬೆಳೆಸುತ್ತದೆ, ಚಿಕಿತ್ಸೆಯನ್ನು ಹೇಗೆ ಕೆಡಿಸುತ್ತದೆ ಎಂಬುದೇ ಅಂದಿನ ವಿಷಯ. ಅದರ ಸಾರವನ್ನು ಅಂಕಣದ ಓದುಗರಿಗಾಗಿ ಇಲ್ಲಿ ಬರೆದಿದ್ದೇನೆ.

ಒಂದು ಪ್ರಕರಣ

ಇಂಡಿ ತಾಲ್ಲೂಕಿನ ಒಬ್ಬ ರೈತರಿಂದ ಪ್ರಾರಂಭಿಸುತ್ತೇನೆ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ವಯಸ್ಸು 32. ಮೂರು ಎಕರೆ ಲಿಂಬೆ ತೋಟ, ಹೆಂಡತಿ, ಇಬ್ಬರು ಮಕ್ಕಳು, ವಯಸ್ಸಾದ ತಾಯಿ. ವ್ಯವಹಾರದಲ್ಲಿ ಗಟ್ಟಿ ಮನುಷ್ಯ. ಊರಿನವರು ‘ಅಣ್ಣಾರ’ ಎಂದೇ ಕರೆಯುತ್ತಿದ್ದರು.

ಒಂದು ಬೇಸಿಗೆಯಲ್ಲಿ ಅವರ ನಿದ್ರೆ ಕಡಿಮೆಯಾಯಿತು. ರಾತ್ರಿ ಎದ್ದು ತೋಟದಲ್ಲಿ ಸುತ್ತಾಡತೊಡಗಿದರು. ಪಕ್ಕದ ಹೊಲದವರು ತಮ್ಮ ವಿಷಯವನ್ನೇ ಮಾತನಾಡುತ್ತಾರೆ, ಆ ಮಾತು ಮನೆಯೊಳಗೆ ಕುಳಿತರೂ ಕೇಳಿಸುತ್ತದೆ ಎಂದರು. ಬರಬರುತ್ತ, ಊಟದಲ್ಲಿ ವಿಷ ಬೆರೆಸುತ್ತಿದ್ದಾರೆ ಎಂಬ ಸಂಶಯ ಬಲವಾಯಿತು. ಹೆಂಡತಿ ಬಡಿಸಿದ ರೊಟ್ಟಿಯನ್ನು ಅವರು ಮುಟ್ಟಲಿಲ್ಲ. ತೋಟದ ಕೆಲಸ ನಿಂತುಹೋಯಿತು.

ನಾಲ್ಕು ತಿಂಗಳ ನಂತರ ಅವರನ್ನು ಆಸ್ಪತ್ರೆಗೆ ಕರೆತಂದರು. ಅವರು ನನ್ನ ಎದುರಿನ ಕುರ್ಚಿಯಲ್ಲೇ ಕುಳಿತಿದ್ದರು. ತಾಯಿ ಹೇಳಿದರು: ‘‘ಸಾಹೇಬ್ರ, ಇದಕ್ಕ ತಲಿ ಕೆಟ್ಟದರಿ. ಏನ್ ಕೇಳಿದ್ರೂ ಇದಕ್ಕೇನ್ ತಿಳಿಯಂಗಿಲ್ಲ.’’ ಜೊತೆಗೆ ಬಂದ ಸಂಬಂಧಿಕರೊಬ್ಬರು ಸೇರಿಸಿದರು: ‘‘ಇದನ್ನ ಧಾರವಾಡಕ್ಕ ಕಳಸೂದು ಚಲೋರಿ.’’

ಕನ್ನಡದಲ್ಲಿ ‘ಅದು’, ‘ಇದು’ ಎಂಬ ಮಾತು ಕಲ್ಲಿಗೆ, ಮರಕ್ಕೆ, ದನಕ್ಕೆ. ಕೂಸುಗಳನ್ನು ಪ್ರೀತಿಯಿಂದ ‘ಅದು’ ಎನ್ನುವುದೂ ಉಂಟು. ಆದರೆ ನಾಲ್ಕು ತಿಂಗಳ ಹಿಂದೆ ‘ಅಣ್ಣಾರ’ ಆಗಿದ್ದ, ‘ರೀ’ ಹಚ್ಚಿ ಮಾತನಾಡಿಸುತ್ತಿದ್ದ ಒಬ್ಬ ಯಜಮಾನ ಈಗ ‘ಇದು’ ಆಗಿದ್ದರು. ಅಮ್ಮನಿಗೆ ಮಗನ ಮೇಲೆ ಪ್ರೀತಿ ಕಡಿಮೆಯಾಗಿರಲಿಲ್ಲ. ಅವರ ಕಣ್ಣಲ್ಲಿ ನೀರಿತ್ತು. ಆದರೂ ನಾಲಿಗೆ ತಾನಾಗಿಯೇ ಹಾಗೆ ಹೊರಳಿತ್ತು. ಇಂಥ ಮಾತನ್ನು ನಮ್ಮ ಹೊರರೋಗಿ ವಿಭಾಗದಲ್ಲಿ ವಾರಕ್ಕೆ ಹಲವು ಬಾರಿ ಕೇಳುತ್ತೇವೆ.

ಇದರಲ್ಲಿ ಒಂದು ವೈದ್ಯಕೀಯ ತಪ್ಪೂ ಇದೆ. ‘ಇದಕ್ಕೇನೂ ತಿಳಿಯುವುದಿಲ್ಲ’ ಎಂಬುದು ನಿಜವಲ್ಲ. ಆ ರೈತರಿಗೆ ಬಂದಿದ್ದ ರೋಗದಲ್ಲಿ ಎಚ್ಚರ ಮತ್ತು ನೆನಪು ಬಹುಮಟ್ಟಿಗೆ ಸರಿಯಾಗಿಯೇ ಇರುತ್ತವೆ. ಅಂದಿನ ವಾರ, ಲಿಂಬೆಯ ದರ, ಮಕ್ಕಳ ತರಗತಿ ಎಲ್ಲವನ್ನೂ ಅವರು ಸರಿಯಾಗಿ ಹೇಳಿದರು. ತಪ್ಪಿದ್ದು ಒಂದೆರಡು ನಂಬಿಕೆಗಳು ಮತ್ತು ಇಲ್ಲದ ಧ್ವನಿ ಕೇಳಿಸುವ ಅನುಭವ. ತಾಯಿ ‘ಇದು’ ಎಂದದ್ದೂ, ‘ಧಾರವಾಡಕ್ಕೆ ಕಳಿಸಿ’ ಎಂದದ್ದೂ ಅವರಿಗೆ ಪೂರ್ತಿ ಅರ್ಥವಾಗಿತ್ತು. ಮನೆಯವರೇ ತನ್ನನ್ನು ಕಳೆದುಕೊಳ್ಳಲು ನೋಡುತ್ತಿದ್ದಾರೆ ಎಂಬ ಸಂಶಯಕ್ಕೆ ಅದೊಂದು ಸಾಕ್ಷಿಯೂ ಆಯಿತು.

ಒಂದೇ ಪದ, ಹಲವು ಕಾಯಿಲೆ

‘ತಲೆ ಕೆಟ್ಟಿದೆ’, ‘ಹುಚ್ಚು ಹಿಡಿದಿದೆ’, ‘ಗಾಳಿ ಹೊಕ್ಕಿದೆ’ ಎಂಬ ಮಾತುಗಳ ಮೊದಲ ಹಾನಿ ಎಂದರೆ, ಅವು ಬೇರೆ ಬೇರೆ ಕಾಯಿಲೆಗಳನ್ನು ಒಂದೇ ಚೀಲಕ್ಕೆ ತುಂಬುತ್ತವೆ. ಕೆಲವು ಕಾಯಿಲೆಗಳಲ್ಲಿ ಗಂಟೆಗಳ ಲೆಕ್ಕದಲ್ಲಿ ಚಿಕಿತ್ಸೆ ಆಗಬೇಕು. ಕೆಲವಕ್ಕೆ ವರ್ಷಗಟ್ಟಲೆ ಔಷಧಿ ಬೇಕು. ಚೀಲದ ಬಾಯಿ ಕಟ್ಟಿಬಿಟ್ಟರೆ ಒಳಗೆ ಏನಿದೆ ಎಂದು ಯಾರೂ ನೋಡುವುದಿಲ್ಲ.

ಸಿಂದಗಿ ಕಡೆಯ ಒಬ್ಬ ಅಜ್ಜನ ಉದಾಹರಣೆ ತೆಗೆದುಕೊಳ್ಳಿ. ಬೆಳಗಿನವರೆಗೆ ಸರಿಯಾಗಿದ್ದವರು ಸಂಜೆಯ ಹೊತ್ತಿಗೆ ಏನೇನೋ ಮಾತನಾಡತೊಡಗುತ್ತಾರೆ. ಮನೆಯವರ ಗುರುತು ಒಮ್ಮೆ ಸಿಗುತ್ತದೆ, ಒಮ್ಮೆ ಸಿಗುವುದಿಲ್ಲ. ಮೈ ಸುಡುತ್ತಿರುತ್ತದೆ. ಇದಕ್ಕೆ ನಮ್ಮ ಹಿರಿಯರು ‘ಸನ್ನಿ’ ಎಂಬ ಬೇರೆ ಪದವನ್ನೇ ಇಟ್ಟಿದ್ದರು. ಇದು ದೇಹದ ಕಾಯಿಲೆ ಮಿದುಳಿನವರೆಗೆ ಮುಟ್ಟಿದ ಲಕ್ಷಣ. ಸೋಂಕು, ಮಿದುಳು ಜ್ವರ, ರಕ್ತದಲ್ಲಿ ಉಪ್ಪಿನಂಶ ಇಳಿಯುವುದು, ಸಕ್ಕರೆ ಕಾಯಿಲೆಯವರಲ್ಲಿ ಸಕ್ಕರೆ ತೀರ ಕಡಿಮೆಯಾಗುವುದು, ಇವು ಇದಕ್ಕೆ ಸಾಮಾನ್ಯ ಕಾರಣಗಳು. ಅದೇ ದಿನ ಆಸ್ಪತ್ರೆಗೆ ಬಂದರೆ ಬಹುಪಾಲು ಜನ ಉಳಿಯುತ್ತಾರೆ. ‘ವಯಸ್ಸಾಯಿತು, ತಲೆ ಕೆಟ್ಟಿದೆ’ ಎಂದು ಮನೆಯಲ್ಲಿ ಮಲಗಿಸಿದರೆ ಪ್ರಾಣಕ್ಕೇ ಅಪಾಯ.

ಮುದ್ದೇಬಿಹಾಳ ಕಡೆಯ ಒಬ್ಬ ಬಾಣಂತಿಯದು ಇನ್ನೊಂದು ಬಗೆ. ಹೆರಿಗೆಯಾದ ಆರನೆಯ ದಿನದಿಂದ ನಿದ್ರೆಯಿಲ್ಲ, ಕೂಸು ತನ್ನದಲ್ಲ ಎನ್ನುತ್ತಾಳೆ, ಒಮ್ಮೆ ನಗು, ಒಮ್ಮೆ ಅಳು. ಇದಕ್ಕೂ ಹಳೆಯ ಹೆಸರಿದೆ: ಬಾಣಂತಿ ಸನ್ನಿ. ಹೆರಿಗೆಯ ನಂತರದ ಮೊದಲ ಎರಡು ವಾರಗಳಲ್ಲಿ ಇದು ಕಾಣಿಸಿಕೊಳ್ಳುವುದು ಹೆಚ್ಚು. ತಾಯಿ ಮತ್ತು ಕೂಸು ಇಬ್ಬರಿಗೂ ಅಪಾಯವಿರುವುದರಿಂದ ಇದು ತುರ್ತು ಪರಿಸ್ಥಿತಿ. ಆದರೆ ಸರಿಯಾದ ಚಿಕಿತ್ಸೆ ಸಿಕ್ಕರೆ ಚೆನ್ನಾಗಿ ಗುಣವಾಗುವ ಕಾಯಿಲೆಯೂ ಹೌದು. ‘ಹುಚ್ಚು ಹಿಡಿದವಳು’ ಎಂದು ತವರಿಗೆ ಕಳಿಸಿಬಿಟ್ಟರೆ ಆ ಹೆಸರು ಅವಳ ಬೆನ್ನಿಗೆ ಜೀವನಪೂರ್ತಿ ಅಂಟುತ್ತದೆ. ಕಾಯಿಲೆ ಇದ್ದದ್ದು ಕೆಲವು ವಾರ ಅಥವಾ ತಿಂಗಳು ಮಾತ್ರ.

ದಿನವೂ ಕುಡಿಯುವವರು ಜಾತ್ರೆಗೋ ಹರಕೆಗೋ ಒಮ್ಮೆಲೇ ಕುಡಿತ ಬಿಟ್ಟಾಗ ಎರಡು-ಮೂರನೆಯ ದಿನ ಕೈ ನಡುಗುವುದು, ಮೈ ಬೆವರುವುದು, ಗೋಡೆಯ ಮೇಲೆ ಹುಳ ಹರಿದಂತೆ ಕಾಣುವುದು ಮತ್ತೊಂದು ಬಗೆ. ದೇವರ ಶಾಪ ಎಂದು ಭಾವಿಸಿ ಗುಡಿಯ ಕಟ್ಟೆಯ ಮೇಲೆ ಕೂಡಿಸಿದವರನ್ನು ನಾನು ಕಂಡಿದ್ದೇನೆ. ಅವರಿಗೆ ಬೇಕಾಗಿದ್ದುದು ಆಸ್ಪತ್ರೆಯ ಹಾಸಿಗೆ, ಬಿ1 ಜೀವಸತ್ವ ಮತ್ತು ನಡುಕ ಇಳಿಸುವ ಔಷಧಿ.

ಇಂಡಿಯ ರೈತರದು ಈ ಯಾವ ಬಗೆಯೂ ಅಲ್ಲ. ಜ್ವರವಿಲ್ಲ, ಕುಡಿತವಿಲ್ಲ. ವಾರ-ತಿಂಗಳುಗಳಲ್ಲಿ ನಿಧಾನವಾಗಿ ಬೆಳೆದದ್ದು. ಎಚ್ಚರ ಸರಿಯಾಗಿದ್ದು ಸಂಶಯ ಮತ್ತು ಧ್ವನಿಗಳು ಮುಂದೆ ಬಂದಿದ್ದವು. ಅವರದು ಸ್ಕಿಜೋಫ್ರೀನಿಯಾ ಎಂಬ ಕಾಯಿಲೆ.

ಆದ್ದರಿಂದ ವೈದ್ಯರ ಮುಂದೆ ಹೆಸರು ಹೇಳುವ ಬದಲು ಕಂಡದ್ದನ್ನು ಹೇಳಬೇಕು. ಎಂದಿನಿಂದ ಶುರುವಾಯಿತು, ಒಮ್ಮೆಲೇ ಬಂತೋ ನಿಧಾನವಾಗಿ ಬಂತೋ, ನಿದ್ರೆ ಮತ್ತು ಊಟ ಹೇಗಿದೆ, ಜ್ವರ ಅಥವಾ ಫಿಟ್ಸ್ ಬಂದಿತ್ತೋ, ಕುಡಿತ ಇದೆಯೋ, ಯಾವ ಮಾತು ಹೊಸದಾಗಿ ಆಡುತ್ತಿದ್ದಾರೆ. ‘‘ಚೈತ್ರಮಾಸದಿಂದ ರಾತ್ರಿ ಎರಡು ತಾಸು ನಿದ್ದಿ ಮಾಡ್ತಾರ, ಊಟದಾಗ ವಿಷ ಹಾಕ್ಯಾರ ಅಂತಾರ’’ ಎಂಬ ಒಂದು ವಾಕ್ಯ ವೈದ್ಯರಿಗೆ ಅರ್ಧ ದಾರಿ ತೋರಿಸುತ್ತದೆ. ‘ತಲಿ ಕೆಟ್ಟದ’ ಎಂಬ ಮಾತು ಏನನ್ನೂ ತೋರಿಸುವುದಿಲ್ಲ.

ನಮ್ಮ ರಾಜ್ಯದಲ್ಲಿ ಇದು ಹೊಸ ಪಾಠವೂ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಹಳ್ಳಿಗಳಲ್ಲಿ ತಿರುಗುವ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಮನೋರೋಗಕ್ಕೆ ಊರ ಹತ್ತಿರವೇ ಚಿಕಿತ್ಸೆ ಸಿಗುವಂತೆ ಮಾಡಿತು. ಕಾರ್ಯಕರ್ತರು ಕಲಿತದ್ದು ರೋಗದ ದೊಡ್ಡ ಹೆಸರುಗಳಿಗಿಂತ ಹೆಚ್ಚಾಗಿ ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ಲಕ್ಷಣಗಳನ್ನು. ಬಳ್ಳಾರಿಯ ಈ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಪ್ರಾರಂಭವಾಯಿತು.

ಊಟದಲ್ಲಿ ಗುಳಿಗೆ

ಇಂಡಿಯ ರೈತರ ಕಥೆಗೆ ಮರಳೋಣ. ಅವರಿಗೆ ರಾತ್ರಿ ಹೊತ್ತು ತೆಗೆದುಕೊಳ್ಳಲು ರಿಸ್ಪೆರಿಡೋನ್ 2 ಮಿಲಿಗ್ರಾಂ ಗುಳಿಗೆ ಬರೆದುಕೊಟ್ಟೆವು. ಮೂರು ವಾರಗಳಲ್ಲಿ ನಿದ್ರೆ ಬಂತು. ಧ್ವನಿಗಳು ದೂರವಾದವು. ಆದರೆ ಎರಡನೆಯ ತಿಂಗಳಲ್ಲಿ ಅವರು ಮೊದಲಿಗಿಂತ ಹೆಚ್ಚು ಉಗ್ರರಾಗಿ ಬಂದರು. ಹೆಂಡತಿಯ ಕೈಯಿಂದ ನೀರನ್ನೂ ಕುಡಿಯುತ್ತಿರಲಿಲ್ಲ.

ವಿಚಾರಿಸಿದಾಗ ಸಂಗತಿ ಹೊರಬಿತ್ತು. ಅವರಿಗೆ ಏನು ಕಾಯಿಲೆ, ಗುಳಿಗೆ ಯಾಕೆ ಎಂದು ಯಾರೂ ಹೇಳಿಯೇ ಇರಲಿಲ್ಲ. ‘ಇದಕ್ಕೇನು ತಿಳಿಯುತ್ತದೆ’ ಎಂಬ ಭಾವನೆ ಒಂದು ಕಡೆ, ‘ಹೇಳಿದರೆ ಸಿಟ್ಟಾಗುತ್ತಾರೆ’ ಎಂಬ ಭಯ ಇನ್ನೊಂದು ಕಡೆ. ಗುಳಿಗೆಯನ್ನು ಪುಡಿ ಮಾಡಿ ಪಲ್ಯದಲ್ಲಿ ಬೆರೆಸಿ ಕೊಡುತ್ತಿದ್ದರು. ಒಂದು ರಾತ್ರಿ ಬೆರೆಸುವುದನ್ನು ಅವರು ಕಣ್ಣಾರೆ ಕಂಡರು.

ಯೋಚಿಸಿ ನೋಡಿ. ಊಟದಲ್ಲಿ ಏನೋ ಹಾಕುತ್ತಾರೆ ಎಂಬುದೇ ಅವರ ರೋಗದ ಸಂಶಯ. ಮನೆಯವರು ನಿಜವಾಗಿಯೂ ಹಾಕುತ್ತಿದ್ದರು! ಒಂದು ಗುಳಿಗೆಯನ್ನು ಬಚ್ಚಿಟ್ಟು ರೋಗದ ಸಂಶಯವನ್ನು ನಾವೇ ನಿಜ ಮಾಡಿ ತೋರಿಸಿದ್ದೆವು. ಇದರಲ್ಲಿ ನನ್ನ ತಪ್ಪೂ ಇತ್ತು. ಮೊದಲ ದಿನ ನಾನು ಔಷಧಿಯ ಚೀಟಿಯನ್ನು ತಾಯಿಯ ಕೈಗೆ ಕೊಟ್ಟು, ತಾಯಿಗೇ ವಿವರಿಸಿದ್ದೆ. ಎದುರಿಗೆ ಕುಳಿತ ರೋಗಿಗೆ ಏನನ್ನೂ ಹೇಳಿರಲಿಲ್ಲ. ಬಾಯಲ್ಲಿ ‘ಅದು’ ಎಂದಿರಲಿಲ್ಲ ನಿಜ, ನಡೆದುಕೊಂಡದ್ದು ಹಾಗೆಯೇ.

ಕದ್ದು ಕೊಡುವ ಔಷಧಿಯಿಂದ ಇನ್ನೂ ತೊಂದರೆಗಳಿವೆ. ಪೂರ್ತಿ ಊಟ ಮಾಡದ ದಿನ ಎಷ್ಟು ಔಷಧಿ ಹೊಟ್ಟೆಗೆ ಹೋಯಿತು ಎಂಬುದು ತಿಳಿಯುವುದಿಲ್ಲ. ಈ ಗುಂಪಿನ ಔಷಧಿಗಳಿಂದ ಕೆಲವರಿಗೆ ಕೈ ನಡುಕ, ಮೈ ಬಿಗಿತ, ಒಂದೆಡೆ ಕೂಡಲಾಗದಂಥ ಚಡಪಡಿಕೆ ಬರುತ್ತದೆ. ಔಷಧಿ ತೆಗೆದುಕೊಳ್ಳುತ್ತಿದ್ದೇನೆ ಎಂದು ಗೊತ್ತಿದ್ದವರು ‘ಇದು ಗುಳಿಗೆಯಿಂದ ಆಗಿರಬಹುದು’ ಎಂದು ವೈದ್ಯರಿಗೆ ಹೇಳುತ್ತಾರೆ. ಪ್ರಮಾಣ ತಗ್ಗಿಸಿ ಅಥವಾ ಬೇರೆ ಗುಳಿಗೆ ಕೊಟ್ಟು ಸರಿಪಡಿಸಬಹುದು. ಗೊತ್ತಿಲ್ಲದವರು ತಮಗೆ ಮಾಟ ಮಾಡಿಸಿದ್ದಾರೆ ಎಂದುಕೊಳ್ಳುತ್ತಾರೆ.

ರೋಗಿ ಗುಳಿಗೆ ಬೇಡವೆಂದರೆ ಏನು ಮಾಡಬೇಕು? ಮೊದಲು ಯಾಕೆ ಬೇಡ ಎಂದು ಅವರನ್ನೇ ಕೇಳಬೇಕು. ಬಹಳ ಸಲ ಕಾರಣ ನಡುಕವೋ, ಹಗಲೆಲ್ಲ ತೂಕಡಿಕೆಯೋ ಆಗಿರುತ್ತದೆ. ಅದನ್ನು ವೈದ್ಯರಿಗೆ ತಿಳಿಸಬೇಕು. ದಿನವೂ ಗುಳಿಗೆ ನುಂಗುವುದು ಬೇಸರವಾದವರಿಗೆ ಎರಡು ಅಥವಾ ನಾಲ್ಕು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್ನುಗಳಿವೆ. ಯಾವುದೇ ರೀತಿಯಲ್ಲೂ ಒಪ್ಪದೆ, ತಮಗೋ ಇತರರಿಗೋ ಅಪಾಯ ಮಾಡುವ ಸ್ಥಿತಿಯಲ್ಲಿದ್ದರೆ ತುರ್ತು ಚಿಕಿತ್ಸೆಗೆ ಕಾನೂನಿನಲ್ಲಿಯೇ ಅವಕಾಶವಿದೆ. ಆ ನಿರ್ಧಾರವನ್ನು ಆಸ್ಪತ್ರೆಯಲ್ಲಿ ವೈದ್ಯರು ಮಾಡಬೇಕು, ಅಡಿಗೆಮನೆಯಲ್ಲಿ ಮಾಡಬಾರದು.

ಆ ದಿನ ನಾನು ಕುರ್ಚಿಯನ್ನು ಅವರ ಕಡೆಗೆ ತಿರುಗಿಸಿಕೊಂಡು ಕುಳಿತೆ. ‘‘ಅಣ್ಣಾರ, ನಿಮಗ ನಿದ್ದಿ ಇರಲಿಲ್ಲ, ಕಿವಿಯಾಗ ಮಾತು ಕೇಳತಿದ್ದವು. ಅದಕ್ಕ ಈ ಗುಳಿಗಿ ಕೊಟ್ಟೀವ್ರಿ. ಪಲ್ಯದಾಗ ಹಾಕಿದ್ದು ಇದನ್ನ, ವಿಷ ಅಲ್ಲ. ನಿಮಗ ಹೇಳದ ಹಾಕಿದ್ದು ನಮ್ಮ ತಪ್ಪು’’ ಎಂದೆ. ಗುಳಿಗೆಯ ಹಾಳೆಯನ್ನು ಅವರ ಕೈಗೇ ಕೊಟ್ಟೆ. ಅವರು ಬಹಳ ಹೊತ್ತು ಅದನ್ನು ತಿರುಗಿಸಿ ನೋಡಿ, ‘‘ಮೊದಲೇ ಯಾಕ ಹೇಳಲಿಲ್ರಿ?’’ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಗುಳಿಗೆ ಅವರ ಕೈಯಲ್ಲೇ ಇದೆ. ಸಂಶಯ ಒಂದೇ ದಿನದಲ್ಲಿ ಹೋಗಲಿಲ್ಲ. ಸುಮಾರು ಎರಡು ತಿಂಗಳು ಅವರು ತಮ್ಮ ರೊಟ್ಟಿಯನ್ನು ತಾವೇ ಬಡಿಸಿಕೊಂಡರು. ಆಮೇಲೆ ಮನೆಯವರ ಪಂಕ್ತಿಯಲ್ಲಿ ಕುಳಿತರು. ಮುಂದಿನ ಹಂಗಾಮಿಗೆ ತೋಟಕ್ಕೆ ಮರಳಿದರು. ಮೊದಲ ಸಲದ ಇಂಥ ಕಾಯಿಲೆಗೆ, ಪೂರ್ತಿ ಆರಾಮಾದ ಮೇಲೂ ಸಾಮಾನ್ಯವಾಗಿ ಒಂದೆರಡು ವರ್ಷವಾದರೂ ಔಷಧಿ ಮುಂದುವರಿಸಬೇಕಾಗುತ್ತದೆ. ಕೆಲವರಿಗೆ ಇನ್ನೂ ದೀರ್ಘ ಕಾಲ. ಎಲ್ಲರಿಗೂ ಇಷ್ಟು ಚೆನ್ನಾಗಿ ಗುಣವಾಗುತ್ತದೆ ಎಂದು ಹೇಳಲಾಗದು. ಆದರೆ ಸತ್ಯ ತಿಳಿದವರು ಔಷಧಿಯನ್ನು ಬಿಡುವುದು ಕಡಿಮೆ ಎಂಬುದು ನನ್ನ ಅನುಭವ.

ಹೆಸರು ಬದಲಿಸಿದರೆ ಸಾಕೆ?

ಭಾಷಣದ ನಡುವೆ ಒಬ್ಬ ದಾದಿ ಎದ್ದು ಕೇಳಿದರು: ‘‘ಹಂಗಾದ್ರ ಹುಚ್ಚ ಅನ್ನೂ ಬದಲಿ ಏನನ್ಬೇಕ್ರಿ ಸರ್?’’ ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಹೇಳಲು ಸ್ವಲ್ಪ ಇತಿಹಾಸ ನೋಡಬೇಕು.

ಧಾರವಾಡದ ಮಾನಸಿಕ ಆಸ್ಪತ್ರೆ 1845ರಷ್ಟು ಹಳೆಯದು. ನಮ್ಮ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲದಿಂದಲೂ ಈ ಭಾಗದ ರೋಗಿಗಳಿಗೆ ಅದೇ ಆಸರೆ. ಬ್ರಿಟಿಷರ ಕಾಗದಪತ್ರಗಳಲ್ಲಿ ಇಂಥ ಸಂಸ್ಥೆಗಳಿಗೆ ‘ಲುನ್ಯಾಟಿಕ್ ಅಸೈಲಂ’ ಎಂಬ ಹೆಸರು. 1912ರ ಕಾನೂನು ಕೂಡ ರೋಗಿಯನ್ನು ‘ಲುನ್ಯಾಟಿಕ್’ ಎಂದೇ ಕರೆಯಿತು. 1920ರ ದಶಕದಲ್ಲಿ ಅಸೈಲಂಗಳು ‘ಮೆಂಟಲ್ ಹಾಸ್ಪಿಟಲ್’ಗಳಾದವು. 1987ರ ಕಾನೂನಿನಲ್ಲಿ ರೋಗಿ ‘ಮಾನಸಿಕ ರೋಗವುಳ್ಳ ವ್ಯಕ್ತಿ’ಯಾದ. ಧಾರವಾಡದ ಆಸ್ಪತ್ರೆ ಇಂದು ಡಿಮ್ಹಾನ್ಸ್ ಎಂಬ ಬೋಧನಾ ಸಂಸ್ಥೆ.

ಫಲಕದ ಮೇಲೆ ಹೆಸರು ಬದಲಾಯಿತು. ಬಾಯಲ್ಲಿ ಏನಾಯಿತು? ‘ಮೆಂಟಲ್’ ಎಂಬ ಸಭ್ಯ ಇಂಗ್ಲಿಷ್ ಪದವನ್ನೇ ನಾವು ಬೈಗುಳ ಮಾಡಿಕೊಂಡೆವು. ‘ಧಾರವಾಡಕ್ಕೆ ಕಳಿಸಬೇಕು’ ಎಂದು ಒಂದು ಊರಿನ ಹೆಸರನ್ನೂ ಬೈಗುಳ ಮಾಡಿದೆವು. ಬೆಂಗಳೂರಿನ ಕಡೆ ನಿಮ್ಹಾನ್ಸ್ ಹೆಸರಿಗೂ ಇದೇ ಗತಿ. ಅಂದರೆ ದನಿಯಲ್ಲಿ ತಾತ್ಸಾರ ಉಳಿದರೆ ಎಷ್ಟೇ ಸಭ್ಯ ಪದ ತಂದರೂ ಕೆಲವು ವರ್ಷಗಳಲ್ಲಿ ಅದು ಕೊಳೆಯಾಗುತ್ತದೆ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ನಮ್ಮಲ್ಲೇ ಇದೆ. ಉತ್ತರ ಕರ್ನಾಟಕದಲ್ಲಿ ಹುಚ್ಚಪ್ಪ, ಹುಚ್ಚಯ್ಯ, ಹುಚ್ಚವ್ವ ಎಂಬ ಹೆಸರುಗಳು ಅಪರೂಪವಲ್ಲ. ಹಿಂದೆ ನಮ್ಮ ಜಿಲ್ಲೆಯಲ್ಲೇ ಇದ್ದು ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದ ಕಮತಗಿಯಲ್ಲಿ ಹುಚ್ಚೇಶ್ವರ ಮಠವಿದೆ. ಭಕ್ತರು ಆ ಹೆಸರಿಗೆ ಕೈಮುಗಿಯುತ್ತಾರೆ. ಅದೇ ‘ಹುಚ್ಚು’ ಎಂಬ ಪದ. ಅದರ ಹಿಂದೆ ‘ಅಪ್ಪ’, ‘ಅಯ್ಯ’, ‘ಅವ್ವ’ ಇದ್ದಾಗ ಮರ್ಯಾದೆ, ಕಿತ್ತುಕೊಂಡಾಗ ಅವಮಾನ. ಬಸವನ ಬಾಗೇವಾಡಿಯಿಂದ ಬಂದವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಅಲ್ಲಿ ಹುಟ್ಟಿದ ಬಸವಣ್ಣನವರ ಕಾಲದ ಶರಣರು, ಸಮಾಜ ಕೀಳೆಂದು ದೂರವಿಟ್ಟ ಕಾಯಕದವರ ಹೆಸರಿಗೆ ‘ಅಯ್ಯ’ ಸೇರಿಸಿ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಎಂದು ಗೌರವಿಸಿದರು.

ಆದರೂ ಹೆಸರಿಗೆ ಬೆಲೆಯೇ ಇಲ್ಲವೆಂದಲ್ಲ. ಜಪಾನಿನಲ್ಲಿ ಸ್ಕಿಜೋಫ್ರೀನಿಯಾಕ್ಕೆ ‘ಮನಸ್ಸು ಒಡೆದ ರೋಗ’ ಎಂಬ ಅರ್ಥದ ಹೆಸರಿತ್ತು. ನಮ್ಮಲ್ಲೂ ಇದನ್ನು ‘ಛಿದ್ರಮನಸ್ಕತೆ’ ಎಂದು ಬರೆದದ್ದುಂಟು. ಆ ಹೆಸರು ಎಷ್ಟು ಭಯಂಕರವೆಂದರೆ ವೈದ್ಯರೇ ಅದನ್ನು ರೋಗಿಗೆ ಹೇಳಲು ಹಿಂಜರಿಯುತ್ತಿದ್ದರು. ರೋಗಿಗಳ ಮನೆಯವರ ಸಂಘಟನೆ 1993ರಲ್ಲಿ ಹೆಸರು ಬದಲಿಸುವಂತೆ ಬೇಡಿಕೆ ಇಟ್ಟಿತು. 2002ರಲ್ಲಿ ಅಲ್ಲಿನ ಮನೋವೈದ್ಯರ ಸಂಘ, ಮನಸ್ಸಿನ ಹೊಂದಾಣಿಕೆ ತಪ್ಪಿದ ಸ್ಥಿತಿ ಎಂಬ ಅರ್ಥದ ಹೊಸ ಹೆಸರನ್ನು ಒಪ್ಪಿತು. ಹೆಸರು ಬದಲಾದಾಗ ಕಾಯಿಲೆಯ ಹೆಸರನ್ನು ತಿಳಿದ ರೋಗಿಗಳು ನೂರಕ್ಕೆ ಸುಮಾರು 37 ಇದ್ದರೆ, ಎರಡು-ಮೂರು ವರ್ಷಗಳಲ್ಲಿ ಅದು ಸುಮಾರು 70ಕ್ಕೆ ಏರಿತು. ಹೊಸ ಹೆಸರಿನ ನಿಜವಾದ ಲಾಭ ಇಲ್ಲಿದೆ. ವೈದ್ಯರ ಬಾಯಿ ಬಿಚ್ಚಿಸಿ, ರೋಗಿಗೆ ಸತ್ಯ ಹೇಳುವಂತೆ ಅದು ಮಾಡಿತು.

ದಾದಿಯ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಹೊಸ ಪದ ಹುಡುಕಬೇಡಿ. ಕಾಯಿಲೆಗೆ ಮುಂಚೆ ಆ ವ್ಯಕ್ತಿಯನ್ನು ಏನೆಂದು ಕರೆಯುತ್ತಿದ್ದಿರೋ ಈಗಲೂ ಹಾಗೇ ಕರೆಯಿರಿ. ‘ಕಾಕಾ’ ಇದ್ದವರು ಕಾಕಾ, ‘ಅಕ್ಕಾರ’ ಇದ್ದವರು ಅಕ್ಕಾರ. ಅವರು ಎದುರಿಗೇ ಇರುವಾಗ ಅವರ ಬಗ್ಗೆ ಇನ್ನೊಬ್ಬರ ಜೊತೆ ಮಾತನಾಡಬೇಡಿ, ಅವರ ಜೊತೆಯಲ್ಲೇ ಮಾತನಾಡಿ. ಮನೆಯವರಿಂದ ಪ್ರತ್ಯೇಕವಾಗಿ ಏನಾದರೂ ಕೇಳಬೇಕಿದ್ದರೆ, ‘ಕೇಳುತ್ತೇನೆ’ ಎಂದು ಅವರಿಗೆ ಹೇಳಿ ಕೇಳಿ. ಆಸ್ಪತ್ರೆಯ ಸಾಲಿನಲ್ಲಿ ‘ಆ ಮೆಂಟಲ್ ಕೇಸ್ ಒಳಗ ಕಳಸ್ರಿ’ ಎಂದು ಕೂಗುವುದನ್ನು ನಿಲ್ಲಿಸಿ. ಹೆಸರು ಹಿಡಿದು ಕರೆಯಿರಿ.

ಕಾನೂನು ಏನು ಹೇಳುತ್ತದೆ

ಮಾನ-ಮರ್ಯಾದೆ ಎಂಬುದು ದಯೆಯಿಂದ ಕೊಡುವ ವಸ್ತುವಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ 2018ರ ಮೇ ತಿಂಗಳಿನಿಂದ ಜಾರಿಯಲ್ಲಿದೆ. ಆಸ್ಪತ್ರೆಯಲ್ಲಿ ತಮ್ಮದೇ ಬಟ್ಟೆ ಉಡಲು ಬಯಸಿದರೆ ಅದಕ್ಕೆ ಅವಕಾಶವಿರಬೇಕು, ಬಲವಂತವಾಗಿ ತಲೆ ಬೋಳಿಸುವಂತಿಲ್ಲ, ರೋಗ ಮತ್ತು ಚಿಕಿತ್ಸೆಯ ವಿವರವನ್ನು ರೋಗಿಗೆ ತಿಳಿಸಬೇಕು, ಗುಟ್ಟು ಕಾಯಬೇಕು ಎಂದು ಅದು ಹೇಳುತ್ತದೆ. ಯಾವುದೇ ರೂಪದಲ್ಲಿ ಸರಪಳಿ ಹಾಕುವುದು ನಿಷಿದ್ಧ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಬಳಿಯ ಒಂದು ಖಾಸಗಿ ಆಶ್ರಯದಲ್ಲಿ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದ 28 ರೋಗಿಗಳು ಓಡಲಾಗದೆ ಸುಟ್ಟು ಸತ್ತರು. ದೇವರಿಗೆ, ದರ್ಗಾಕ್ಕೆ ಹರಕೆ ಹೊರಬೇಡಿ ಎಂದು ನಾನು ಹೇಳುವುದಿಲ್ಲ. ಹರಕೆಯ ಜೊತೆ ಗುಳಿಗೆಯೂ ಇರಲಿ, ಸರಪಳಿ ಮತ್ತು ಹೊಡೆತ ಬೇಡ.

ಈ ಕಾಯ್ದೆಯ ಇನ್ನೊಂದು ಮಾತು ಹೊಲ-ಮನೆ ಇರುವವರೆಲ್ಲ ತಿಳಿಯಬೇಕಾದದ್ದು. ಒಬ್ಬರಿಗೆ ಮನೋರೋಗವಿದೆ ಎಂದು ವೈದ್ಯರು ಹೇಳಿದ ಮಾತ್ರಕ್ಕೆ ಅವರು ಬುದ್ಧಿ ಸ್ವಾಧೀನವಿಲ್ಲದವರು ಎಂದು ಅರ್ಥವಲ್ಲ. ಹಾಗೆಂದು ನ್ಯಾಯಾಲಯ ತೀರ್ಮಾನಿಸಬೇಕು. ಇಂಡಿಯ ರೈತರ ಅಣ್ಣ-ತಮ್ಮಂದಿರಲ್ಲಿ ಒಬ್ಬರು ‘‘ಇದಕ್ಕ ತಿಳಿಯಂಗಿಲ್ಲ, ತ್ವಾಟ ನನ್ನ ಹೆಸರಿಗೆ ಮಾಡಿಸಿಬಿಡೂಣು’’ ಎಂದು ಹೊರಟಿದ್ದರು. ‘ಇದು’ ಎಂಬ ಸಣ್ಣ ಮಾತು ಎಲ್ಲಿಯವರೆಗೆ ಹೋಗುತ್ತದೆ ನೋಡಿ. ಮೂರು ಎಕರೆ ಲಿಂಬೆ ತೋಟದವರೆಗೆ!

ಮದುವೆಯ ಮಾತು

ಸಭೆ ಮುಗಿದ ಮೇಲೆ ಒಬ್ಬ ತಂದೆ ಪಕ್ಕಕ್ಕೆ ಕರೆದು ಕೇಳಿದರು: ‘‘ಮಗಳಿಗೆ ಗುಳಗಿ ನಡದಾವ್ರಿ. ವರ ನೋಡಾಕ ಬರೂದೈತಿ. ಒಂದ್ ತಿಂಗಳು ಬಿಡಸಿದ್ರ ನಡೀತದೇನ್ರಿ?’’ ಅವರ ಸಂಕಟ ನಿಜವಾದದ್ದು. ಊರಲ್ಲಿ ಹೆಸರು ಕೆಟ್ಟರೆ ತಂಗಿಯ ಮದುವೆಗೂ ತೊಡಕು ಎಂಬ ಭಯ ಸುಳ್ಳಲ್ಲ. ಆದರೆ ಮುಚ್ಚಿಡಲೆಂದು ಗುಳಿಗೆ ನಿಲ್ಲಿಸುವುದು, ಆಮೇಲೆ ಮದುವೆಯ ಗದ್ದಲ, ನಿದ್ರೆಗೇಡು, ಹೊಸ ಮನೆ, ಇವೆಲ್ಲ ಒಟ್ಟಿಗೆ ಬಂದರೆ ಕಾಯಿಲೆ ಮರುಕಳಿಸುವುದಕ್ಕೆ ಇದಕ್ಕಿಂತ ಹದವಾದ ಹೊತ್ತು ಬೇರೆ ಇಲ್ಲ. ಗಂಡನ ಮನೆಯಲ್ಲಿ ಮೊದಲ ಬಾರಿಗೆ ಕಾಯಿಲೆ ಕಂಡರೆ ಅವಳಿಗೆ ರೋಗಿ ಎಂಬ ಹೆಸರಿನ ಜೊತೆ ಮೋಸಗಾತಿ ಎಂಬ ಹೆಸರೂ ಬರುತ್ತದೆ. ಗುಳಿಗೆ ನಿಲ್ಲಿಸಬೇಡಿ, ಮಗಳು ಒಪ್ಪಿದರೆ ವರನ ಮನೆಯ ಹಿರಿಯರೊಬ್ಬರನ್ನು ಆಸ್ಪತ್ರೆಗೆ ಕರೆತನ್ನಿ, ಅವಳ ಎದುರಿಗೇ ನಾನು ವಿವರಿಸುತ್ತೇನೆ ಎಂದೆ. ಅವರು ಒಪ್ಪಲೂ ಇಲ್ಲ, ಇಲ್ಲವೆನ್ನಲೂ ಇಲ್ಲ. ‘‘ಅಕಿನ್ನ ಕೇಳ್ತೀನ್ರಿ’’ ಎಂದು ಹೋದರು. ಮಗಳನ್ನು ಕೇಳುತ್ತೇನೆ ಎಂದದ್ದೇ ನನಗೆ ಸಮಾಧಾನ.

ನೆನಪಿಡಿ: ಮನೋವೈದ್ಯರನ್ನು ಕಾಣಲು ಈಗ ಎಲ್ಲರೂ ಧಾರವಾಡಕ್ಕೇ ಹೋಗಬೇಕಿಲ್ಲ. ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಇದಕ್ಕೆ ಮಂಗಳವಾರವನ್ನು ಗೊತ್ತುಮಾಡಲಾಗಿತ್ತು. 2022ರಲ್ಲಿ ಪ್ರಾರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು-ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಜ್ವರದೊಂದಿಗೆ ಒಮ್ಮೆಲೇ ಬಂದ ಬಡಬಡಿಕೆ, ಬಾಣಂತಿಯ ವಿಚಿತ್ರ ವರ್ತನೆ, ಸಾಯುವ ಮಾತು, ಈ ಮೂರಕ್ಕೆ ದಿನ ನೋಡುತ್ತ ಕೂಡಬೇಡಿ. ಆ ಹೊತ್ತಿಗೇ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ದಾರಿಯಲ್ಲಿ ಅವರ ಹೆಸರು ಹಿಡಿದು ಮಾತನಾಡಿಸುತ್ತ, ಎಲ್ಲಿಗೆ ಹೋಗುತ್ತಿದ್ದೇವೆ ಎಂಬುದನ್ನು ಅವರಿಗೆ ಹೇಳಿ.